ಮೈಕಿಗಿಂತ ಮೊದಲು ಕೌದಿ

ಮನೆಯಲ್ಲೇ ಕೂತು ಕತೆ ಓದಿ, ಪಾಠ ಹೇಳಿ, ಅದನ್ನು ರೆಕಾರ್ಡ್ ಮಾಡಿ ಹತ್ತಾರು ಜನರಿಗೆ ಕಳಿಸುವವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಈ ಕೆಲಸದ ಒಳಹೊರಗು ತಿಳಿದವನೆಂದು ಅವರಲ್ಲಿ ಕೆಲವರು ನನಗೆ ಫೋನ್ ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲರದೂ ಒಂದೇ ಪ್ರಶ್ನೆ: ಯಾವ ಮೈಕ್ ಕೊಳ್ಳಲಿ? ಅವರು ಕಳಿಸಿದ ತುಣುಕನ್ನು ಕೇಳಿದರೆ ಮೈಕಿನದೇನೂ ದೋಷವಿರುವುದಿಲ್ಲ. ಕೋಣೆಯಲ್ಲಿ ನಡೆದದ್ದನ್ನು ಅದು ನಿಷ್ಠೆಯಿಂದ ಹಿಡಿದಿಟ್ಟಿರುತ್ತದೆ. ಇನ್ನೂ ದುಬಾರಿ ಮೈಕ್ ತಂದರೆ ಅದೇ ಗೋಡೆ, ಅದೇ ಫ್ಯಾನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತವೆ, ಅಷ್ಟೇ.

ಧಾರವಾಡದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಾಗಿ ಕತೆಗಳನ್ನು ಓದಿ ಧ್ವನಿಮುದ್ರಿಸುತ್ತಾರೆ. ಓಣಿಯವರಿಗೆಲ್ಲ ಅವರು ಅಕ್ಕೋರು. ಸಾವಿರ ರೂಪಾಯಿಯೊಳಗಿನ, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕನ್ನು ಫೋನಿಗೆ ಜೋಡಿಸಿ ಓದುತ್ತಿದ್ದರು. “ಬಾವ್ಯಾಗ ಕುಂತು ಓದಿದಂಗ ಕೇಳಸ್ತೈತಿ ನೋಡ್ರಿ. ಛಲೋ ಮೈಕ್ ಯಾವ್ದರೆ ಇದ್ರ ಹೇಳ್ರಲಾ” ಎಂದರು. ಅವರ ಕೋಣೆಯ ವಿವರ ಕೇಳಿದೆ. ಹತ್ತಡಿ ಅಗಲ, ಹನ್ನೊಂದಡಿ ಉದ್ದ, ಹತ್ತಡಿ ಎತ್ತರ. ನೆಲಕ್ಕೆ ಟೈಲ್ಸ್, ಗೋಡೆಗೆ ನಯವಾದ ಪ್ಲಾಸ್ಟರಿನ ಮೇಲೆ ಪೇಂಟ್, ಒಂದು ಗಾಜಿನ ಕಿಟಕಿ, ಒಂದು ಉಕ್ಕಿನ ಬೀರು, ಒಂದು ಮೇಜು. ಮೈಕನ್ನು ಅವರು ಸಿಕ್ಕಿಸಿದ್ದು ಮೇಜಿನ ಆಚೆ ತುದಿಯಲ್ಲಿದ್ದ ಪುಸ್ತಕದ ಸ್ಟ್ಯಾಂಡಿಗೆ. ಬಾಯಿಂದ ಅಲ್ಲಿಗೆ ಸುಮಾರು ಎರಡಡಿ. ಕರ್ನಾಟಕದ ಯಾವ ಬಡಾವಣೆಯಲ್ಲಾದರೂ ಇಂಥ ಕೋಣೆ ಸಿಗುತ್ತದೆಯಾದ್ದರಿಂದ ಇದನ್ನೇ ಇಟ್ಟುಕೊಂಡು ವಿಷಯವನ್ನು ಬಿಡಿಸೋಣ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಕ್ಕೋರ ಬಾಯಿಂದ ಹೊರಟ ‘ಕ’ ಎರಡು ಮಿಲಿಸೆಕೆಂಡಿನೊಳಗೆ ಮೈಕನ್ನು ನೇರವಾಗಿ ಮುಟ್ಟುತ್ತದೆ. ಅದೇ ‘ಕ’ ಎದುರು ಗೋಡೆಗೆ, ನೆಲಕ್ಕೆ, ಸೂರಿಗೆ, ಬೀರುವಿಗೆ ಬಡಿದು ಸ್ವಲ್ಪ ತಡವಾಗಿ ಮತ್ತೆ ಮತ್ತೆ ಬರುತ್ತದೆ. ಪೇಂಟ್ ಹಚ್ಚಿದ ಗೋಡೆ ಪ್ರತಿ ಬಡಿತದಲ್ಲೂ ನುಂಗುವುದು ನೂರರಲ್ಲಿ ಎರಡು ಮೂರು ಪಾಲು ಮಾತ್ರ, ಉಳಿದದ್ದೆಲ್ಲ ವಾಪಸ್. ಬೆಟ್ಟದೆದುರು ಕೂಗಿದಾಗ ಬರುವಂತೆ ಇಲ್ಲಿ ಪ್ರತಿಧ್ವನಿ ಬೇರೆಯಾಗಿ ಕೇಳಿಸದು, ಏಕೆಂದರೆ ಮರಳಿ ಬರುವ ಧ್ವನಿಗಳ ನಡುವೆ ಅಷ್ಟು ಬಿಡುವಿಲ್ಲ. ಎಲ್ಲ ಸೇರಿ ಮಾತಿನ ಹಿಂದೆ ಒಂದು ಉದ್ದ ಬಾಲವಾಗಿ ಅಂಟಿಕೊಳ್ಳುತ್ತದೆ. ನಾವು ಎಕೋ ಎಂದು ದೂರುವುದು ಈ ಬಾಲವನ್ನೇ. ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ ನೋಡಿ. ಹತ್ತಡಿ ಅಂತರದ ಎರಡು ಬೋಳು ಗೋಡೆಗಳ ನಡುವೆ ಶಬ್ದ ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಬಾರಿ ಹೋಗಿ ಬರುತ್ತದೆ. ಅದು ‘ಝಂಯ್’ ಎನ್ನುವ ಲೋಹದ ಕಂಪನದಂತೆ ಕಿವಿಗೆ ಬೀಳುತ್ತದೆ. ಅದು ಕೇಳಿಸಿದರೆ ರೋಗ ಗೋಡೆಯಲ್ಲಿದೆ.

ಕನ್ನಡ ಓದುವವರಿಗೆ ಈ ಬಾಲದಿಂದ ಒಂದು ವಿಶೇಷ ತೊಂದರೆಯಿದೆ. ಕತೆ ಮತ್ತು ಕತ್ತೆ, ಹಳಿ ಮತ್ತು ಹಳ್ಳಿ ಬೇರೆಯಾಗುವುದು ಒತ್ತಕ್ಷರದಲ್ಲಿ ನಾಲಿಗೆ ತಡೆದು ನಿಲ್ಲುವ ಆ ಒಂದು ಕ್ಷಣದ ಮೇಲೆ. ‘ಕತ್ತೆ’ಯ ನಡುವೆ ನಿಜಕ್ಕೂ ಒಂದು ಸಣ್ಣ ನಿಶ್ಶಬ್ದವಿದೆ. ಗೋಡೆಗಳಿಂದ ಮರಳಿದ ಹಿಂದಿನ ಸ್ವರ ಬಂದು ಆ ನಿಶ್ಶಬ್ದವನ್ನು ತುಂಬಿಬಿಟ್ಟರೆ ಮಾತು ಮೆತ್ತಗಾಗುತ್ತದೆ, ಓದು ಎಷ್ಟೇ ಶುದ್ಧವಿದ್ದರೂ ಒತ್ತು ಮಸುಕಾಗುತ್ತದೆ. ಎದುರಿಗೆ ಕೂತು ಕೇಳುವಾಗ ಎರಡು ಕಿವಿಗಳ ನೆರವಿನಿಂದ ಮಿದುಳು ಈ ಬಾಲವನ್ನು ಬಹುಮಟ್ಟಿಗೆ ಬದಿಗೆ ಸರಿಸುತ್ತದೆ. ಒಂದೇ ಮೈಕಿನ ರೆಕಾರ್ಡಿಂಗಿನಲ್ಲಿ ಆ ಅನುಕೂಲ ಇಲ್ಲ. ಅದಕ್ಕೇ ‘ರೂಮಿನಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತಲ್ಲ’ ಎಂಬ ಆಶ್ಚರ್ಯ.

ಈ ಬಾಲವನ್ನು ಮೊದಲು ಅಳತೆಗೆ ಒಳಪಡಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಯುವ ಅಧ್ಯಾಪಕ ವ್ಯಾಲೇಸ್ ಸೇಬೈನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಶಬ್ದ ಪೂರ್ತಿ ಅಡಗಲು ಸುಮಾರು ಐದೂವರೆ ಸೆಕೆಂಡ್ ಹಿಡಿಯುತ್ತಿತ್ತು. ಊರು ಮಲಗಿದ ಮೇಲೆ ಸೇಬೈನ್ ಪಕ್ಕದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಸ್ವಲ್ಪಸ್ವಲ್ಪವಾಗಿ ಹರಡುತ್ತ, ಒಂದು ಆರ್ಗನ್ ಕೊಳವೆ ನುಡಿಸಿ, ಅದರ ದನಿ ಅಡಗುವ ಹೊತ್ತನ್ನು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಬಾಲ ಮೊಟಕಾಯಿತು. ಕೊನೆಗೆ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಹೀರುವ ಶಕ್ತಿಯನ್ನು ಅವರು ಅಳೆದದ್ದು ತೆರೆದ ಕಿಟಕಿಯ ಲೆಕ್ಕದಲ್ಲಿ. ತೆರೆದ ಕಿಟಕಿಗೆ ಬಿದ್ದ ಶಬ್ದ ಒಂದಿಷ್ಟೂ ಮರಳಿ ಬರುವುದಿಲ್ಲ. ಎರಡು ಚದರ ಮೀಟರ್ ಮೆತ್ತೆ ಒಂದು ಚದರ ಮೀಟರ್ ತೆರೆದ ಕಿಟಕಿಯಷ್ಟು ನುಂಗಿದರೆ ಅದರ ಬೆಲೆ ಅರ್ಧ. ಇಡೀ ಕೋಣೆಯ ಇಂಥ ‘ಕಿಟಕಿ’ಗಳನ್ನು ಕೂಡಿಸಿಕೊಂಡು, ಕೋಣೆಯ ಘನ ಮೀಟರ್‌ಗಳನ್ನು 0.161ರಿಂದ ಗುಣಿಸಿ, ಆ ಮೊತ್ತದಿಂದ ಭಾಗಿಸಿದರೆ ಬಾಲದ ಉದ್ದ ಸೆಕೆಂಡುಗಳಲ್ಲಿ ಸಿಗುತ್ತದೆ.

ಅಕ್ಕೋರ ಕೋಣೆಗೆ ಈ ಲೆಕ್ಕ ಹಾಕೋಣ. ಕೋಣೆ ಸುಮಾರು 31 ಘನ ಮೀಟರ್, 0.161ರಿಂದ ಗುಣಿಸಿದರೆ ಸರಿಸುಮಾರು 5. ಗೋಡೆ, ನೆಲ, ಸೂರು, ಬಾಗಿಲು, ಸಾಮಾನು, ಓದುತ್ತ ಕೂತ ಮನುಷ್ಯರು ಎಲ್ಲ ಸೇರಿ ಅಂದಾಜು 3 ಚದರ ಮೀಟರ್ ‘ತೆರೆದ ಕಿಟಕಿ’. ಐದನ್ನು ಮೂರರಿಂದ ಭಾಗಿಸಿದರೆ ಒಂದೂವರೆ ಸೆಕೆಂಡಿಗೂ ಮಿಕ್ಕ ಬಾಲ. ಓದುವ ದನಿಗೆ ಅರ್ಧ ಸೆಕೆಂಡ್ ದಾಟಿದರೆ ಕಿವಿಗೆ ಗೊತ್ತಾಗತೊಡಗುತ್ತದೆ. ಈಗ ಒಂದು ಮಂಚ ಎಳೆದು ತಂದು ಅದರ ಮೇಲೆ ಹತ್ತಿಯ ಗಾದಿ ಹಾಕಿ, ಮೂರು ದೊಡ್ಡ ಕೌದಿಗಳನ್ನು ತೂಗುಹಾಕಿದರೆ ಇನ್ನೊಂದು 6 ಚದರ ಮೀಟರ್ ಕೂಡಿಕೊಳ್ಳುತ್ತದೆ. ಐದನ್ನು ಒಂಬತ್ತರಿಂದ ಭಾಗಿಸಿ: ಅರ್ಧ ಸೆಕೆಂಡಿನ ಸುತ್ತಮುತ್ತ. ಧಾರವಾಡದ ಮನೆಯಲ್ಲಿ ಕೌದಿಗೆ ಬರವೇ? ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಕೂಡಿಸಿ ಒತ್ತೊತ್ತಾಗಿ ಹೊಲಿದ ಕೌದಿ ತೂಕವಾಗಿರುತ್ತದೆ, ಗಾಳಿಯಾಡುವ ಹತ್ತಿಯಾಗಿರುತ್ತದೆ. ಶಬ್ದ ಹೀರುವ ಬಟ್ಟೆಗೆ ಬೇಕಾದದ್ದು ಈ ಎರಡೇ ಗುಣ. ತೆಳುವಾದ ಪಾಲಿಯೆಸ್ಟರ್ ಪರದೆಗೆ ಈ ಕೆಲಸ ಆಗುವುದಿಲ್ಲ.

ಆದರೆ ಕೌದಿ ಹುಡುಕುವುದಕ್ಕೂ ಮುಂಚೆ ಮಾಡಬೇಕಾದ, ಒಂದು ಪೈಸೆಯೂ ಖರ್ಚಿಲ್ಲದ ಕೆಲಸವೊಂದಿದೆ. ನಾನು ಅಕ್ಕೋರಿಗೆ ಮೊದಲು ಹೇಳಿದ್ದು ಅದನ್ನೇ: ಮೈಕನ್ನು ಬಾಯಿಯ ಹತ್ತಿರ ತನ್ನಿ.

ಬಾಯಿಂದ ನೇರವಾಗಿ ಬರುವ ಧ್ವನಿ ದೂರ ಹೋದಂತೆ ಬೇಗ ಸೊರಗುತ್ತದೆ. ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿಂದ ಬರುವ ಬಾಲ ಹಾಗಲ್ಲ, ಕೋಣೆಯ ಎಲ್ಲ ಮೂಲೆಯಲ್ಲೂ ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತುಂಬಿಕೊಂಡಿರುತ್ತದೆ. ಹಾಗಾಗಿ ಬಾಯಿಂದ ಇಷ್ಟು ದೂರದವರೆಗೆ ಮಾತು ಮೇಲು, ಅಲ್ಲಿಂದಾಚೆ ಕೋಣೆಯೇ ಮೇಲು ಎನ್ನುವ ಒಂದು ಗೆರೆ ಪ್ರತಿ ಕೋಣೆಯಲ್ಲೂ ಇರುತ್ತದೆ. ಅಕ್ಕೋರ ಬೋಳು ಕೋಣೆಯಲ್ಲಿ, ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಕಾಲರ್ ಮೈಕಿಗೆ, ಆ ಗೆರೆ ಸುಮಾರು 25 ಸೆಂಟಿಮೀಟರ್‌ಗೆ ಬೀಳುತ್ತದೆ. ಅವರ ಮೈಕ್ ಇದ್ದದ್ದು 60 ಸೆಂಟಿಮೀಟರ್ ದೂರದಲ್ಲಿ. ಅಂದರೆ ಅದು ಅಕ್ಕೋರಿಗಿಂತ ಗೋಡೆಗಳನ್ನೇ ಜೋರಾಗಿ ಕೇಳುತ್ತಿತ್ತು.

ಅದನ್ನು 15 ಸೆಂಟಿಮೀಟರ್‌ಗೆ, ಅಂದರೆ ಒಂದು ಚೋಟಿನಷ್ಟಕ್ಕೆ ತಂದರೆ ನೇರ ಮಾತು 12 ಡೆಸಿಬೆಲ್ ಮೇಲೇಳುತ್ತದೆ, ಬಾಲ ಇದ್ದಲ್ಲೇ ಉಳಿಯುತ್ತದೆ. ಮೂರು ಕೌದಿ, ಒಂದು ಗಾದಿ ಸೇರಿ ಬಾಲವನ್ನು ಇಳಿಸುವುದು ಸುಮಾರು 5 ಡೆಸಿಬೆಲ್. ಎರಡನ್ನೂ ಮಾಡಲೇಬೇಕು, ಆದರೆ ಯಾವುದು ಮೊದಲು ಎನ್ನುವುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಹತ್ತಿರ ತರುವುದರಿಂದ ಇನ್ನೊಂದು ಲಾಭವೂ ಇದೆ. ಫ್ಯಾನು, ರಸ್ತೆ, ಅಗ್ಗದ ಮೈಕಿನೊಳಗಿನ ‘ಸ್ಸ್’ ಎನ್ನುವ ಸದ್ದು ಇವೆಲ್ಲಕ್ಕೂ ಹೋಲಿಸಿದರೆ ಮಾತು ಅಷ್ಟೇ 12 ಡೆಸಿಬೆಲ್ ಎತ್ತರಕ್ಕೆ ಹೋಗುತ್ತದೆ.

ಹತ್ತಿರ ಬಂದ ಮೈಕಿಗೆ ಬೇರೆ ಕಷ್ಟಗಳಿವೆ. ಪ, ಬ ಹೇಳುವಾಗ ತುಟಿಯಿಂದ ಗಾಳಿ ಒಮ್ಮೆಲೇ ಚಿಮ್ಮುತ್ತದೆ. ಫ, ಭ ಎಂದಾಗ ಇನ್ನೂ ಜೋರು. ಆ ಗಾಳಿ ಮೈಕಿಗೆ ಬಡಿದರೆ ‘ಧಪ್’ ಎಂಬ ಸದ್ದು. ಆದ್ದರಿಂದ ಮೈಕ್ ತುಟಿಯ ನೇರಕ್ಕೆ ಇರಬಾರದು. ಬಾಯಿಯ ಒಂದು ಪಕ್ಕಕ್ಕೆ, ಕೆನ್ನೆಯ ಕಡೆಯಿಂದ ತುಟಿಯ ಅಂಚನ್ನು ನೋಡುವಂತೆ ಓರೆಯಾಗಿಟ್ಟರೆ ಮಾತು ಬರುತ್ತದೆ, ಗಾಳಿ ಮುಂದೆ ಹೋಗಿಬಿಡುತ್ತದೆ. ಅಂಗೈಯನ್ನು ಮೈಕ್ ಇರುವಲ್ಲಿ ಹಿಡಿದು ‘ಭಾರತ, ಫಲ, ಪಾಪ’ ಎಂದು ಹೇಳಿ ನೋಡಿ. ಅಂಗೈಗೆ ಗಾಳಿ ತಾಗದ ಜಾಗ ಸಿಕ್ಕಿದರೆ ಅದೇ ಮೈಕಿನ ಜಾಗ. ಕಸೂತಿ ಹಾಕುವ ದುಂಡನೆಯ ಚೌಕಟ್ಟಿಗೆ ತೆಳುವಾದ ಹಳೆಯ ನೈಲಾನ್ ಬಟ್ಟೆ ಬಿಗಿದು ನಡುವೆ ನಿಲ್ಲಿಸಿದರೂ ಆದೀತು.

ಕಾಲರ್ ಮೈಕನ್ನು ಸೀರೆಯ ಸೆರಗಿಗೆ ಸಿಕ್ಕಿಸುವುದು ಸುಲಭ, ಆದರೆ ಓದಲು ಕೂತವರಿಗೆ ಅದು ಒಳ್ಳೆಯದಲ್ಲ. ಗಂಜಿ ಹಾಕಿದ ಸೀರೆ, ರೇಷ್ಮೆ, ಕೊರಳ ಸರ ಎಲ್ಲವೂ ಉಸಿರಿಗೊಮ್ಮೆ ಸದ್ದು ಮಾಡುತ್ತವೆ. ಅಕ್ಕೋರು ಒಂದು ಮರದ ಸ್ಕೇಲನ್ನು ಪುಸ್ತಕಗಳ ರಾಶಿಯ ನಡುವೆ ಸಿಕ್ಕಿಸಿ, ಅದರ ತುದಿಗೆ ಮೈಕ್ ಹಚ್ಚಿ, ಬಾಯಿಯ ಎಡಬದಿಗೆ ಬರುವಂತೆ ಮಾಡಿಕೊಂಡರು. ಗಾಜಿನ ಬಳೆಗಳನ್ನು ತೆಗೆದಿಟ್ಟು ಕೂಡುವುದನ್ನು ಅವರೇ ಕಂಡುಕೊಂಡರು. ಮೇಜಿನ ಮೇಲೆ ದಪ್ಪನೆಯ ಟವೆಲ್ ಹಾಸಬೇಕು. ಬೋಳು ಮೇಜಿನಿಂದ ಪುಟಿದ ಧ್ವನಿ ನೇರ ಧ್ವನಿಯ ಬೆನ್ನಿಗೇ ಬಂದು ಕೂಡಿಕೊಂಡು ದನಿಯನ್ನು ಡಬ್ಬಿಯೊಳಗಿನದರಂತೆ ಮಾಡುತ್ತದೆ, ಮೈಕ್ ಹತ್ತಿರವಿದ್ದರೂ ಈ ದೋಷ ಪೂರ್ತಿ ಹೋಗುವುದಿಲ್ಲ.

ಇನ್ನು ಕೌದಿಗಳನ್ನು ಎಲ್ಲಿ ಹಾಕುವುದು? ಗೋಡೆಗೆ ಮೊಳೆ ಹೊಡೆದು ಅಂಟಿದಂತೆ ಇಳಿಬಿಡುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ಕೆಲಸ, ಅದರಲ್ಲಿ ಅರ್ಧ ಫಲ ನಷ್ಟ. ಗೋಡೆಯ ಮೈಗೆ ಹತ್ತಿದಂತೆ ಗಾಳಿ ಅಲುಗುವುದೇ ಇಲ್ಲ. ಬಟ್ಟೆ ಶಬ್ದವನ್ನು ಹೀರುವುದು ತನ್ನ ಎಳೆಗಳ ನಡುವೆ ಗಾಳಿ ಓಡಾಡಿದಾಗ ಮಾತ್ರ. ಶಬ್ದದ ಅಲೆಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ ಗಾಳಿಯ ಓಟ ಅತಿ ಹೆಚ್ಚು. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ತೂಗಿದ ಕೌದಿ ಸುಮಾರು 850 ಹರ್ಟ್ಸ್‌ನಿಂದ ಮೇಲಿನದನ್ನು ಚೆನ್ನಾಗಿ ಹಿಡಿಯುತ್ತದೆ. ಮಾತಿನ ಸ್ಪಷ್ಟತೆ ಹೆಚ್ಚಾಗಿ ಇರುವುದು ಅಲ್ಲಿಂದ ಮೇಲೇ. ಬಟ್ಟೆ ಒಣಗಿಸುವ ಮಡಿಚುವ ಸ್ಟ್ಯಾಂಡ್ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಮೊಳೆ ಬೇಡ, ಬಾಡಿಗೆ ಮನೆಯ ಮಾಲೀಕರ ಮುನಿಸಿಲ್ಲ, ಗೋಡೆಯಿಂದ ದೂರ ತಾನಾಗಿಯೇ ಸಿಗುತ್ತದೆ, ಕೆಲಸ ಮುಗಿದ ಮೇಲೆ ಮಡಿಚಿಡಬಹುದು.

ಮೊದಲ ಕೌದಿ ಹೋಗಬೇಕಾದದ್ದು ಓದುವವರ ಬೆನ್ನ ಹಿಂದೆ. ಮೈಕ್ ನಿಮ್ಮ ಮುಖದ ಕಡೆ ತಿರುಗಿದೆ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ಅದು ನೇರವಾಗಿ ನೋಡುತ್ತಿದೆ. ಒಂದೇ ದಿಕ್ಕಿನಿಂದ ಕೇಳುವ ಮೈಕಾದರೆ ಇದು ಇನ್ನೂ ಮುಖ್ಯ. ಅದರ ಹಿಂಭಾಗ ಕಿವುಡು, ಮುಂಭಾಗವೇ ಕಿವಿ. ಎರಡನೆಯದು ನಿಮ್ಮ ಬಾಯಿಯ ಎದುರು, ಮೈಕಿನಾಚೆ. ಮಾತು ಮೊದಲು ಹೋಗಿ ಬಡಿಯುವುದು ಅಲ್ಲಿಗೆ. ಮೂರನೆಯದು ಪಕ್ಕದ ಬೋಳು ಗೋಡೆಗೆ, ಇಲ್ಲವೇ ಉಕ್ಕಿನ ಬೀರುವಿಗೆ. ಬೀರು ಶಬ್ದ ಮರಳಿಸುವುದಷ್ಟೇ ಅಲ್ಲ, ಕೆಲವು ಸ್ವರಗಳಿಗೆ ತಾನೂ ನಡುಗಿ ನುಡಿಯುತ್ತದೆ. ಮುಷ್ಟಿಯಿಂದ ತಟ್ಟಿದರೆ ಗುಂಯ್ ಎನ್ನುವ ಪ್ರತಿ ಸಾಮಾನಿನದೂ ಇದೇ ಕತೆ. ಸೂರಿನ ಗೊಡವೆಗೆ ಹೋಗಬೇಕಾಗಿಲ್ಲ, ನೆಲಕ್ಕೆ ಹಾಸಿದ ಜಮಖಾನೆ ಸೂರು-ನೆಲಗಳ ನಡುವಿನ ಓಡಾಟವನ್ನು ಸಾಕಷ್ಟು ತಡೆಯುತ್ತದೆ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ರೇಡಿಯೊ ವರದಿಗಾರರು ತಲೆಯ ಮೇಲೆ ರಗ್ಗು ಹೊದ್ದು, ಬಟ್ಟೆ ತುಂಬಿದ ಕಪಾಟಿನೊಳಗೆ ನಿಂತು ಸುದ್ದಿ ಓದಿದರು. ಐದು ನಿಮಿಷದ ಕೆಲಸಕ್ಕೆ ಅದು ಇವತ್ತಿಗೂ ಒಳ್ಳೆಯ ಉಪಾಯ. ಅರ್ಧ ಗಂಟೆಯ ಕತೆಗೆ, ಅದೂ ಏಪ್ರಿಲ್ ತಿಂಗಳಲ್ಲಿ, ಆಗದ ಮಾತು.

ಮೊಟ್ಟೆಯ ಟ್ರೇಗಳನ್ನು ಗೋಡೆ ತುಂಬ ಅಂಟಿಸುವ ರೂಢಿ ಇನ್ನೂ ಹೋಗಿಲ್ಲ. ಆ ರಟ್ಟು ತೆಳು, ಹಗುರ. ಅದರಿಂದ ಮೇಲಿನ ಸ್ವರಗಳಲ್ಲಿ ತುಸು ವ್ಯತ್ಯಾಸ ಬಂದೀತು, ಬೆಂಕಿಯ ಅಪಾಯವಂತೂ ಖಂಡಿತ ಬರುತ್ತದೆ. ಆನ್‌ಲೈನಿನಲ್ಲಿ ಸಿಗುವ ಒಂದಿಂಚಿನ ಸ್ಪಂಜಿನ ಚೌಕಗಳು ಅದಕ್ಕಿಂತ ವಾಸಿ, ಆದರೆ ಅವು ಹೀರುವುದು ಸ, ಶ, ಚಗಳ ಎತ್ತರದ ಭಾಗವನ್ನು ಮಾತ್ರ. ದನಿ ಮಂಕಾಗುತ್ತದೆ, ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ಕೌದಿಗೂ ಕೆಳಗಿನ ಸ್ವರಗಳಲ್ಲಿ ಶಕ್ತಿ ಸಾಲದೆನ್ನುವುದನ್ನು ಒಪ್ಪಬೇಕು. ಹತ್ತು ಹನ್ನೊಂದು ಅಡಿಯ ಕೋಣೆ 50ರಿಂದ 60 ಹರ್ಟ್ಸ್ ಮತ್ತು ಅದರ ಇಮ್ಮಡಿಯಾದ 100ರಿಂದ 115ರ ಸುಮಾರಿನಲ್ಲಿ ತಾನೇ ಮೊಳಗುತ್ತದೆ. ಗಂಡಸರ ದನಿಯ ಮೂಲ ಸ್ವರ ಹೆಚ್ಚಾಗಿ ಬೀಳುವುದು ಆ ಇಮ್ಮಡಿಯ ಹತ್ತಿರವೇ. ಅದನ್ನು ಬಟ್ಟೆಯಿಂದ ತಡೆಯಲು ಅಡಿಗಟ್ಟಲೆ ದಪ್ಪ ಬೇಕು. ಕುರ್ಚಿಯ ಜಾಗ ಬದಲಿಸುವುದೊಂದೇ ಮನೆಯವರಿಗೆ ಸಾಧ್ಯವಿರುವ ಪರಿಹಾರ: ಮೂಲೆಯಲ್ಲಿ ಕೂಡಬೇಡಿ, ಗೋಡೆಗೆ ಒರಗಿಯೂ ಬೇಡ. ಅರ್ಧ ಅರ್ಧ ಅಡಿ ಸರಿಯುತ್ತ ಒಂದೇ ಸಾಲನ್ನು ಓದಿ ರೆಕಾರ್ಡ್ ಮಾಡಿ ಕೇಳಿದರೆ, ದನಿ ಹಗುರಾಗುವ ಜಾಗ ಕಿವಿಗೇ ತಿಳಿಯುತ್ತದೆ.

ಗದ್ದಲದ ವಿಷಯಕ್ಕೆ ಬಂದರೆ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ಕೌದಿ ಒಳಗಿನ ಬಾಲವನ್ನು ಕತ್ತರಿಸುತ್ತದೆ, ಹೊರಗಿನ ಆಟೋ ಸದ್ದನ್ನು ತಡೆಯುವುದಿಲ್ಲ. ಹೊರಗಿನದನ್ನು ತಡೆಯುವುದು ಭಾರ ಮತ್ತು ಬಿಗಿ ಮುಚ್ಚುವಿಕೆ. ಇಟ್ಟಿಗೆಯ ಗೋಡೆಗೆ ಭಾರವಿದೆ, ಸೋರುವುದು ಸಂದುಗಳಿಂದ. ಕಿಟಕಿಯ ವಿಸ್ತಾರದಲ್ಲಿ ನೂರನೇ ಒಂದು ಪಾಲು ಬಾಯ್ತೆರೆದಿದ್ದರೆ ಸಾಕು, ಗಾಜು ಎಷ್ಟೇ ದಪ್ಪವಿರಲಿ, ತಡೆ 20 ಡೆಸಿಬೆಲ್ ಮೀರುವುದಿಲ್ಲ. ಹಳೆಯ ಮನೆಗಳಲ್ಲಿ ಬಾಗಿಲ ಮೇಲಿನ ವೆಂಟಿಲೇಟರು, ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದು, ಜಾರುಕಿಟಕಿಯ ಎರಡು ಗಾಜುಗಳ ನಡುವಿನ ಎಡೆ, ಇವೇ ದಾರಿಗಳು. ಬಾಗಿಲ ಬುಡಕ್ಕೆ ಸುರುಳಿ ಸುತ್ತಿದ ಟವೆಲ್, ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ, ವೆಂಟಿಲೇಟರಿಗೆ ಅಳತೆಗೆ ಕತ್ತರಿಸಿದ ಪ್ಲೈವುಡ್ ತುಂಡು. ಇಷ್ಟು ಮಾಡಿದ ಮೇಲೂ ಲಾರಿಯ ಗುಡುಗು, ಪಕ್ಕದ ಸೈಟಿನ ಬೋರ್‌ವೆಲ್ ಕೊರೆತ ಒಳಬಂದೇ ಬರುತ್ತವೆ. ಅದಕ್ಕೆ ಹೊತ್ತು ಬದಲಿಸುವುದೇ ಮದ್ದು. ಅಕ್ಕೋರ ಓಣಿಯಲ್ಲಿ ಮಧ್ಯಾಹ್ನ ಊಟವಾದ ಮೇಲಿನ ಎರಡು ತಾಸು ಎಲ್ಲಕ್ಕಿಂತ ಶಾಂತ. ಬೆಳಗಿನ ಜಾವ ಶಾಂತವೆಂದು ಕೂತರೆ ಕೋಗಿಲೆ, ಗುಡಿಯ ಮೈಕು, ಹಾಲಿನ ಬೈಕು ಒಂದಾದ ಮೇಲೊಂದು.

ಮನೆಯೊಳಗಿನ ಸದ್ದು ನಮ್ಮ ಕೈಯಲ್ಲಿದೆ. ಫ್ಯಾನ್ ಆರಿಸಲೇಬೇಕು, ಅದಕ್ಕೆ ವಿನಾಯಿತಿ ಇಲ್ಲ. ರೆಕ್ಕೆಯ ಸದ್ದಿನ ಜೊತೆಗೆ ಮೈಕಿಗೆ ಬಡಿಯುವ ಗಾಳಿಯೂ ಸೇರುತ್ತದೆ. ಫ್ರಿಜ್ ಪಕ್ಕದ ಕೋಣೆಯಲ್ಲಿದ್ದರೂ ಅದರ ಕಂಪ್ರೆಸರ್ ಕೇಳಿಸುತ್ತದೆ. ಆರಿಸಿ, ಮತ್ತೆ ಹಾಕಲು ಮರೆಯದಂತೆ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಎಲ್ಲ ಆರಿಸಿದ ಮೇಲೂ ಇಯರ್‌ಫೋನಿನಲ್ಲಿ ‘ಜೂಂ’ ಎಂಬ ಒಂದೇ ಸಮನೆಯ ಸದ್ದಿದ್ದರೆ ಅದು ಗಾಳಿಯಲ್ಲಿಲ್ಲ, ತಂತಿಯಲ್ಲಿದೆ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್. ಅದು ಮತ್ತು ಅದರ ಮಡಿಗಳಾದ 100, 150 ಹರ್ಟ್ಸ್ ಅಗ್ಗದ ಚಾರ್ಜರಿನ ಮೂಲಕ, ಸರಿಯಾದ ಅರ್ಥಿಂಗ್ ಇಲ್ಲದ ಪ್ಲಗ್ಗಿನ ಮೂಲಕ ನುಸುಳುತ್ತವೆ. ಲ್ಯಾಪ್‌ಟಾಪಿನ, ಫೋನಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ ನೋಡಿ. ಸದ್ದು ಮಾಯವಾದರೆ ಕಾರಣ ಸಿಕ್ಕಿತು.

ಇಷ್ಟರ ಬಳಿಕ ಒಂದು ಪರೀಕ್ಷೆ. ಓದುವಂತೆಯೇ ಕೂತು, ಏನೂ ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಆಮೇಲೆ ನಿಮ್ಮ ಸಹಜ ದನಿಯಲ್ಲಿ ಒಂದು ಪುಟ ಓದಿ. ಓದಿನ ಅತಿ ಜೋರಾದ ಜಾಗ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರಲಿ. ಸೊನ್ನೆ ಮುಟ್ಟಿದರೆ ಒಡೆದ ದನಿ, ಅದನ್ನು ಯಾರಿಂದಲೂ ಸರಿಪಡಿಸಲಾಗದು. ಆಡಿಯೊ ಪುಸ್ತಕಗಳ ದೊಡ್ಡ ವೇದಿಕೆಯಾದ ಎಸಿಎಕ್ಸ್ ಕೇಳುವುದು ಓದಿನ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18, ಮೌನದ ಮಟ್ಟ ಮೈನಸ್ 60ಕ್ಕಿಂತ ಕೆಳಗೆ. ಮನೆಯ ಕೆಲಸಕ್ಕೂ ಇದು ಒಳ್ಳೆಯ ಗುರಿ. ಅಕ್ಕೋರು ಫ್ಯಾನ್, ಫ್ರಿಜ್ ಎರಡನ್ನೂ ಆರಿಸಿ ಮೈಕನ್ನು ಚೋಟಿನಳತೆಗೆ ತಂದ ಮೇಲೆ, ಅದೇ ಸಾವಿರದೊಳಗಿನ ಮೈಕಿನಲ್ಲಿ ಆ ಮಟ್ಟದ ಹತ್ತಿರ ಬಂದರು.

ಹಾಗಾದರೆ ಮೈಕಿಗೆ ಮಹತ್ವವೇ ಇಲ್ಲವೆ? ಇದೆ, ಆದರೆ ಬೆಲೆಗಿಂತ ಬಗೆ ಮುಖ್ಯ. ಕಾಲರ್ ಮೈಕು, ಫೋನಿಗೆ ಜೋಡಿಸುವ ಹೆಚ್ಚಿನ ಅಗ್ಗದ ಮೈಕುಗಳು ಎಲೆಕ್ಟ್ರೆಟ್ ಬಗೆಯವು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಇದನ್ನು ರೂಪಿಸಿದರು. ಒಳ್ಳೆಯ ಮೈಕು ಇಷ್ಟು ಅಗ್ಗವಾದದ್ದು ಅಲ್ಲಿಂದ. ಎಲ್ಲ ದಿಕ್ಕಿನಿಂದ ಕೇಳುವ ಕಾಲರ್ ಮೈಕಿನಲ್ಲಿ ತಲೆ ಸ್ವಲ್ಪ ಅಲುಗಿದರೂ ದನಿ ಬದಲಾಗದು, ಹತ್ತಿರ ಹೋದರೂ ತಗ್ಗಿನ ಸ್ವರ ಉಬ್ಬದು. ಒಂದೇ ದಿಕ್ಕಿನಿಂದ ಕೇಳುವ ಮೈಕು ಕೋಣೆಯನ್ನು ಅದಕ್ಕಿಂತ ಕಡಿಮೆ ಹಿಡಿಯುತ್ತದೆ, ಅದೇ ದೂರದಲ್ಲಿ ಬಾಲ 5 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಅಂದರೆ ಆ ಮೂರು ಕೌದಿ, ಒಂದು ಗಾದಿಗೆ ಸಮ. ಆದರೆ ತೀರ ಹತ್ತಿರ ಬಂದರೆ ಅದರಲ್ಲಿ ದನಿ ದಪ್ಪವಾಗುತ್ತದೆ. ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕು ಗದ್ದಲದ ಓಣಿಯವರಿಗೆ ಅನುಕೂಲ, ಏಕೆಂದರೆ ಅದನ್ನು ತುಟಿಯ ನಾಲ್ಕು ಬೆರಳು ದೂರದಲ್ಲಿ ಬಳಸಬಹುದು. ಅದಕ್ಕೆ ಪ್ರತ್ಯೇಕ ಆಡಿಯೊ ಇಂಟರ್‌ಫೇಸ್ ಬೇಕು, ಖರ್ಚು ಏರುತ್ತದೆ. ಸ್ಟ್ಯಾಂಡು, ಸ್ಪಂಜಿನ ಟೋಪಿ ಸಮೇತ ‘ಸ್ಟುಡಿಯೊ ಕಿಟ್’ ಎಂದು ಅಗ್ಗಕ್ಕೆ ಬರುವ ದೊಡ್ಡ ಕಂಡೆನ್ಸರ್ ಮೈಕುಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಹಲವಕ್ಕೆ 48 ವೋಲ್ಟಿನ ವಿದ್ಯುತ್ತು ಬೇಕು. ಅದಿಲ್ಲದೆ ನೇರವಾಗಿ ಕಂಪ್ಯೂಟರಿನ ಜಾಕಿಗೆ ಚುಚ್ಚಿದರೆ ಮಾತಿಗಿಂತ ‘ಸ್ಸ್’ ಸದ್ದೇ ಹೆಚ್ಚು.

ಸಾಫ್ಟ್‌ವೇರ್ ಕೊನೆಗೆ. ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಮೊದಲು `High-Pass Filter` ತೆರೆದು 80 ಹರ್ಟ್ಸ್ ಕೊಟ್ಟರೆ ದೂರದ ಲಾರಿ, ಮೇಜಿನ ಅಲುಗಾಟ, 50ರ ಜೂಂಕಾರ ತಕ್ಕಮಟ್ಟಿಗೆ ಇಳಿಯುತ್ತವೆ. ಆಮೇಲೆ ಆರಂಭದ ಆ ಅರ್ಧ ನಿಮಿಷದ ಮೌನವನ್ನು ಆಯ್ದು `Noise Reduction`ನಲ್ಲಿ `Get Noise Profile` ಒತ್ತಿ, ಇಡೀ ಓದನ್ನು ಆಯ್ದು 6 ಡೆಸಿಬೆಲ್ ಮಾತ್ರ ಇಳಿಸಿ, ಹೆಚ್ಚೆಂದರೆ 9. ಇಪ್ಪತ್ತಕ್ಕೆ ಏರಿಸಿದರೆ ಪದಗಳ ತುದಿಯಲ್ಲಿ ಗುಳುಗುಳು ಸದ್ದು ಹುಟ್ಟುತ್ತದೆ, ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಒಂದೇ ಸಮನೆ ಇರುವ ಗದ್ದಲಕ್ಕೆ ತನ್ನದೇ ಒಂದು ಚಹರೆ ಇರುವುದರಿಂದ ಅದನ್ನು ಗುರುತಿಸಿ ಇಳಿಸಬಹುದು. ಎಕೋ ಹಾಗಲ್ಲ. ಅದು ನಿಮ್ಮದೇ ಮಾತಿನ ನಕಲು, ನೀವು ಮಾತಾಡಿದಾಗ ಮಾತ್ರ ಹುಟ್ಟುವಂಥದು. ಅದನ್ನು ಕೆರೆದು ತೆಗೆಯ ಹೊರಟರೆ ಪದದ ಕೊನೆಯ ಸ್ವರವೂ ಜೊತೆಗೆ ಹೋಗುತ್ತದೆ, ಕನ್ನಡದ ಪದಗಳೋ ಮುಕ್ಕಾಲು ಪಾಲು ಸ್ವರದಲ್ಲೇ ಮುಗಿಯುವಂಥವು. ಗದ್ದಲಕ್ಕೆ ಸಾಫ್ಟ್‌ವೇರಿನ ನೆರವು ಒಂದಿಷ್ಟು ಸಿಕ್ಕೀತು, ಎಕೋಗೆ ರೆಕಾರ್ಡ್ ಒತ್ತುವ ಮೊದಲೇ ಪರಿಹಾರ ಹುಡುಕಬೇಕು ಎಂದು ನಾನು ಹಠ ಹಿಡಿದು ಹೇಳುವುದು ಈ ಕಾರಣಕ್ಕೆ.

ಅಕ್ಕೋರಿಗೆ ಆಮೇಲೆ ಎದುರಾದ ತೊಂದರೆ ಬೇರೆಯದು. “ನಿನ್ನಿ ಓದಿದ್ದಕ್ಕೂ ಇವತ್ತಿಂದಕ್ಕೂ ದನಿ ಬ್ಯಾರೆ ಆಗೇದ್ರಿ” ಎಂದರು. ಓದನ್ನು ಎರಡು ದಿನಕ್ಕೆ ಹಂಚಿದಾಗ ಕುರ್ಚಿ ಒಂದಡಿ ಸರಿದಿತ್ತು, ಮೈಕ್ ಇನ್ನೊಂದು ಬದಿಗೆ ಹೋಗಿತ್ತು. ಅರ್ಧ ಕತೆ ಒಂದು ಬಣ್ಣ, ಇನ್ನರ್ಧ ಇನ್ನೊಂದು. ಈಗ ಅವರ ಕೋಣೆಯ ನೆಲದಲ್ಲಿ ಕುರ್ಚಿಯ ನಾಲ್ಕು ಕಾಲು, ಸ್ಟ್ಯಾಂಡುಗಳ ಪಾದ ಎಲ್ಲದಕ್ಕೂ ಇನ್ಸುಲೇಶನ್ ಟೇಪಿನ ಗುರುತುಗಳಿವೆ. ಸ್ಕೇಲಿನ ಮೇಲೆ ಮೈಕ್ ಸಿಕ್ಕಿಸುವ ಜಾಗಕ್ಕೆ ಪೆನ್ಸಿಲಿನ ಗೆರೆ ಇದೆ. ಹೊಸ ಅಧ್ಯಾಯ ಶುರುಮಾಡುವ ಮುನ್ನ ಹಿಂದಿನ ದಿನದ ಕೊನೆಯ ನಿಮಿಷವನ್ನು ಇಯರ್‌ಫೋನಿನಲ್ಲಿ ಕೇಳಿ, ಅದೇ ವೇಗ, ಅದೇ ಏರಿಳಿತ ಹಿಡಿದು, ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿಯೇ ಅವರು ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಎರಡು ದಿನದ ಓದನ್ನು ಜೋಡಿಸುವಾಗ, ಎರಡು ಸಲ ಓದಿದ ಆ ವಾಕ್ಯಗಳಲ್ಲಿ ಹಳೆಯದನ್ನು ಕತ್ತರಿಸಿ ಹೊಸದನ್ನು ಉಳಿಸಿಕೊಂಡರೆ ಕೂಡಿಕೆ ಕಿವಿಗೆ ಸಿಗುವುದಿಲ್ಲ.